ನಮ್ಮ ಬಾವಿ ಸರಿ ಉಂಟಾ, ಇಲ್ವಾ?

ಪ್ರಶ್ನೆ: ಉಡುಪಿ ಹತ್ತಿರದ ಕಡಲತೀರದ ಒಂದು ವಾರ್ಡಿನಲ್ಲಿ ನಮ್ಮ ಕಾಲೇಜಿನ ಮಕ್ಕಳು 120 ಮನೆಗಳ ಬಾವಿ ನೀರು ಪರೀಕ್ಷೆ ಮಾಡಿಸಿದ್ದಾರೆ. ಮೇ ತಿಂಗಳಲ್ಲಿ ಒಂದು ಸಲ ಉಪ್ಪು ನೋಡಲು, ಜುಲೈಯಲ್ಲಿ ಇನ್ನೊಂದು ಸಲ ಕೀಟಾಣು ನೋಡಲು. ಇಂಗ್ಲಿಷ್ ವರದಿಯ ಸಾರಾಂಶವನ್ನು ಕನ್ನಡಕ್ಕೆ ಮಾಡಿ ಭಜನಾ ಮಂದಿರದಲ್ಲಿ ಓದಿದೆವು. ಮುಗಿದ ಮೇಲೆ ಒಬ್ಬ ಅಜ್ಜಿ "ಅದೆಲ್ಲ ಸರಿ, ನಮ್ಮ ಬಾವಿ ಸರಿ ಉಂಟಾ, ಇಲ್ವಾ?" ಎಂದು ಕೇಳಿದರು. ನಮಗೆ ಉತ್ತರ ಹೇಳಲಾಗಲಿಲ್ಲ. ಫಲಿತಾಂಶವನ್ನು ಊರಿನವರಿಗೆ ಅರ್ಥವಾಗುವ ಹಾಗೆ ಬರೆದುಕೊಡುವುದು ಹೇಗೆ?

ಉತ್ತರ: ಅಜ್ಜಿ ಕೇಳಿದ್ದು ನೂರಕ್ಕೆ ನೂರು ಸರಿಯಾದ ಪ್ರಶ್ನೆ. ನೀವು ಓದಿದ್ದು ಇಡೀ ವಾರ್ಡಿನ ಲೆಕ್ಕ. ಅವರಿಗೆ ಬೇಕಾಗಿದ್ದು ಅವರ ಅಂಗಳದ ಬಾವಿಯ ಲೆಕ್ಕ. ವಾರ್ಡಿನ ಲೆಕ್ಕವನ್ನು ಎಷ್ಟೇ ಸರಳ ಕನ್ನಡದಲ್ಲಿ ಬರೆದರೂ ಅದರಿಂದ ಒಂದು ಮನೆಯ ಉತ್ತರ ಹುಟ್ಟುವುದಿಲ್ಲ. ಹಾಗಾಗಿ ನೀವು ಮಾಡಬೇಕಾದ್ದು ಎರಡು ಕಾಗದ. ಒಂದು, ಪ್ರತಿ ಮನೆಗೆ ಅವರದೇ ಬಾವಿಯ ಫಲಿತಾಂಶದ ಚೀಟಿ. ಎರಡು, ಎಲ್ಲರಿಗೂ ಸೇರಿ ವಾರ್ಡಿನ ಒಂದು ಪುಟ. ಚೀಟಿ ಮೊದಲು ಹೋಗಬೇಕು, ಪುಟ ಆಮೇಲೆ.

ಒಂದು ಮಾತು ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಬೇಡಿ. ಜುಲೈಯಲ್ಲಿ ಕೀಟಾಣು ಸಿಕ್ಕಿದ ಮನೆಗಳಿಗೆ ಲ್ಯಾಬಿನ ವರದಿ ಬಂದ ವಾರದಲ್ಲೇ ಹೇಳಬೇಕಿತ್ತು. ಪೂರ್ತಿ ವರದಿ ಬರೆದು ಮುಗಿಯುವ ತನಕ ಕಾಯುವ ವಿಷಯ ಇದಲ್ಲ, ಅವರು ಅದೇ ನೀರು ಕುಡಿಯುತ್ತಿದ್ದಾರೆ. ಇನ್ನೂ ಹೇಳಿಲ್ಲವಾದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಮೊದಲು ಆ ಮನೆಗಳಿಗೆ ಹೋಗಿಬನ್ನಿ.

ಈಗ ಬರವಣಿಗೆಗೆ ಬರೋಣ. ನೀವು ಅಂಕಿಗಳನ್ನು ಕಳಿಸಿಲ್ಲ. ವಿವರಿಸಲು ಅನುಕೂಲ ಆಗಲಿ ಅಂತ ನಾನೇ ಕೆಲವು ಅಂಕಿ ಹಾಕಿಕೊಂಡಿದ್ದೇನೆ. ಇವು ಯಾವ ಊರಿನವೂ ಅಲ್ಲ, ಆ ಜಾಗಕ್ಕೆ ನಿಮ್ಮವನ್ನು ಹಾಕಿಕೊಳ್ಳಿ. ಜುಲೈಯಲ್ಲಿ 120 ಬಾವಿಗಳಲ್ಲಿ 66ರಲ್ಲಿ ಇ-ಕೊಲೈ ಎಂಬ ಹೊಟ್ಟೆಯ ಕೀಟಾಣು ಸಿಕ್ಕಿತು ಅಂದುಕೊಳ್ಳೋಣ. ಟಾಯ್ಲೆಟ್ ಗುಂಡಿ 15 ಮೀಟರಿಗಿಂತ ಹತ್ತಿರ ಇರುವ ಬಾವಿಗಳು 40, ಅವುಗಳಲ್ಲಿ 30ರಲ್ಲಿ ಸಿಕ್ಕಿತು. ದೂರ ಇರುವ ಬಾವಿಗಳು 80, ಅವುಗಳಲ್ಲಿ 36ರಲ್ಲಿ ಸಿಕ್ಕಿತು.

ಇಂಗ್ಲಿಷ್ ವರದಿಯಲ್ಲಿ ಇದು "ಆಡ್ಸ್ ರೇಶಿಯೋ 3.67, ಪಿ ವ್ಯಾಲ್ಯೂ 0.002" ಎಂದು ಬರುತ್ತದೆ. ಅನುವಾದ ಮಾಡುವವರು ಇದನ್ನು "ಗುಂಡಿ ಹತ್ತಿರ ಇದ್ದರೆ ಅಪಾಯ 3.67 ಪಟ್ಟು ಜಾಸ್ತಿ" ಎಂದು ಬರೆದುಬಿಡುತ್ತಾರೆ. ನಾನೇ ಇಂಥ ಐದಾರು ಪುಟ ತಿದ್ದಿದ್ದೇನೆ. ಅದು ತಪ್ಪು. ಲೆಕ್ಕ ಹಾಕಿ ನೋಡಿ. ಹತ್ತಿರದ 40ರಲ್ಲಿ 30 ಅಂದರೆ ನೂರಕ್ಕೆ 75. ದೂರದ 80ರಲ್ಲಿ 36 ಅಂದರೆ ನೂರಕ್ಕೆ 45. 75ನ್ನು 45ರಿಂದ ಭಾಗಿಸಿದರೆ ಸಿಗುವುದು ಸುಮಾರು 1.7. ಎರಡು ಪಟ್ಟೂ ಇಲ್ಲ! 3.67 ಬರುವುದು ಬೇರೆ ಲೆಕ್ಕದಿಂದ. ಹತ್ತಿರದ ಬಾವಿಗಳಲ್ಲಿ ಸಿಕ್ಕಿದ್ದು 30, ಸಿಗದ್ದು 10, ಹಾಗಾಗಿ 3. ದೂರದವುಗಳಲ್ಲಿ ಸಿಕ್ಕಿದ್ದು 36, ಸಿಗದ್ದು 44, ಹಾಗಾಗಿ ಸುಮಾರು 0.82. ಈ ಎರಡರ ಅನುಪಾತವೇ 3.67. ಸಂಖ್ಯಾಶಾಸ್ತ್ರದವರಿಗೆ ಇದರಿಂದ ಉಪಯೋಗ ಉಂಟು. ಆದರೆ ಸಮಸ್ಯೆ ಅಪರೂಪವಾಗಿದ್ದರೆ ಮಾತ್ರ ಇದು "ಇಷ್ಟು ಪಟ್ಟು ಅಪಾಯ" ಎಂಬುದಕ್ಕೆ ಹತ್ತಿರ ಬರುತ್ತದೆ. ಅರ್ಧಕ್ಕರ್ಧ ಬಾವಿಗಳಲ್ಲಿ ಇರುವ ಸಮಸ್ಯೆಗೆ ಇದನ್ನು ಹಾಗೆ ಓದಿದರೆ ಊರಿಗೆ ಸುಮ್ನೆ ಹೆದರಿಕೆ ಹುಟ್ಟಿಸಿದ ಹಾಗೆ.

ಊರಿನ ಪುಟದಲ್ಲಿ ಪಟ್ಟೂ ಬೇಡ, ಶೇಕಡಾವೂ ಬೇಡ. ಎಣಿಸಲು ಆಗುವ ಬಾವಿಗಳನ್ನೇ ಹೇಳಿ, ಎರಡೂ ಕಡೆ ಒಂದೇ ಸಂಖ್ಯೆಯಿಂದ ಶುರು ಮಾಡಿ. "ಗುಂಡಿ ಹತ್ತಿರ ಇರುವ 20 ಬಾವಿಗಳಲ್ಲಿ 15ರಲ್ಲಿ ಕೀಟಾಣು ಇತ್ತು. ಗುಂಡಿ ದೂರ ಇರುವ 20 ಬಾವಿಗಳಲ್ಲಿ 9ರಲ್ಲಿ ಇತ್ತು." ಇಷ್ಟು ಸಾಕು. "40ರಲ್ಲಿ 30, 80ರಲ್ಲಿ 36" ಎಂದು ಬರೆದರೆ, ಕೇಳುವವರ ಕಿವಿಯಲ್ಲಿ 30 ಮತ್ತು 36 ಮಾತ್ರ ಉಳಿಯುತ್ತದೆ. ದೂರದ ಬಾವಿಯೇ ಹಾಳು ಎಂದು ತಿಳಿದುಕೊಂಡು ಹೋಗುವವರೂ ಇದ್ದಾರೆ. ಪಿ ವ್ಯಾಲ್ಯೂ ಪೂರ್ತಿ ಬಿಟ್ಟುಬಿಡಿ. ಅದರ ಬದಲು "ಇಷ್ಟು ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವುದು ಅಪರೂಪ" ಎಂದು ಒಂದು ವಾಕ್ಯ ಸಾಕು.

ಆದರೆ ಆ 9ನ್ನು ಮರೆಯಬೇಡಿ. "ಹತ್ತಿರ ಇದ್ದರೆ ತೊಂದರೆ" ಎಂದು ಬರೆದ ಕೂಡಲೇ, ದೂರ ಇರುವವರು "ಓ, ನಮ್ಮದು ಸರಿ ಉಂಟು" ಎಂದು ಎದ್ದು ಹೋಗುತ್ತಾರೆ. ಅವರಲ್ಲೂ ಹೆಚ್ಚುಕಡಿಮೆ ಅರ್ಧ ಬಾವಿಗಳಲ್ಲಿ ಕೀಟಾಣು ಇದೆ, ಅಲ್ವಾ? ಅದಕ್ಕೇ ಆ ವಾಕ್ಯದ ಬೆನ್ನಿಗೇ "ದೂರ ಇದ್ದರೂ ಕುದಿಸಿಯೇ ಕುಡಿಯಬೇಕು" ಎಂಬುದು ಬರಬೇಕು. ಬೇರೆ ಪ್ಯಾರಾಕ್ಕೆ ತಳ್ಳಬೇಡಿ.

ಪದಗಳ ವಿಷಯದಲ್ಲಿ ನಾನು ಒಮ್ಮೆ ಸರಿಯಾಗಿ ಎಡವಿದ್ದೇನೆ. ಎಷ್ಟೋ ವರ್ಷಗಳ ಹಿಂದೆ ಒಂದು ಮನೆಗೆ "ನಿಮ್ಮ ಬಾವಿಯಲ್ಲಿ ಮಲ ಮಾಲಿನ್ಯ ಕಂಡುಬಂದಿದೆ" ಎಂದು ಬರೆದುಕೊಟ್ಟಿದ್ದೆ. ಪುಸ್ತಕದ ಪ್ರಕಾರ ಸರಿಯಾದ ಅನುವಾದ. ಮನೆಯ ಯಜಮಾನತಿ ಚೀಟಿ ಓದಿ, ಅದನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. "ನಾವು ಅಷ್ಟು ಗಲೀಜಿನವರಾ ಮಾರಾಯ್ರೇ?" ಎಂದರು. ದಿನಾ ಎರಡು ಸಲ ಬಾವಿಕಟ್ಟೆ ತೊಳೆಯುವ ಹೆಂಗಸು ಅವರು. ನಾನು ಬರೆದದ್ದು ಅವರಿಗೆ ಬೈಗುಳವಾಗಿ ಕೇಳಿಸಿತ್ತು.

ವಿಷಯ ಮುಚ್ಚಿಡುವುದೂ ಸರಿಯಲ್ಲ. "ನೀರಿನ ಗುಣಮಟ್ಟದಲ್ಲಿ ಕೊರತೆ" ಎಂದು ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಕಂಡುಕೊಂಡ ದಾರಿ ಅಂದರೆ, ಕೀಟಾಣು ಬಂದ ದಾರಿಯನ್ನು ಹೇಳುವುದು. "ಇ-ಕೊಲೈ ಎಂಬ ಕೀಟಾಣು ಮನುಷ್ಯರ ಮತ್ತು ದನಕರುಗಳ ಹೊಟ್ಟೆಯಲ್ಲಿ ಇರುತ್ತದೆ. ಅದು ಬಾವಿಯಲ್ಲಿ ಸಿಕ್ಕಿದರೆ, ಟಾಯ್ಲೆಟ್ ಗುಂಡಿಯದೋ ಹಟ್ಟಿಯದೋ ನೀರು ಬಾವಿಗೆ ಬಂದಿದೆ ಎಂದು ಅರ್ಥ. ನಮ್ಮ ಕಡೆ ಹೊಯ್ಗೆಯಲ್ಲೂ ಮುರಕಲ್ಲಿನಲ್ಲೂ ನೀರು ಬೇಗ ಹರಿಯುತ್ತದೆ. ಮಳೆಗಾಲದಲ್ಲಿ ನೀರು ಮೇಲೆ ಬಂದಾಗ ಗುಂಡಿಯ ನೀರು ಮಣ್ಣಿನೊಳಗಿಂದಲೇ ಬಾವಿಗೆ ಸೇರಬಹುದು. ಬಾವಿ ನೋಡಲು ಎಷ್ಟೇ ಚೊಕ್ಕವಾಗಿದ್ದರೂ ಹೀಗಾಗುತ್ತದೆ." ತೊಳೆಯುವವರ ಮೇಲೆ ಇದ್ದ ಆರೋಪ ಇಲ್ಲಿ ಮಣ್ಣಿಗೆ ಹೋಯಿತು. ಮೇಲಾಗಿ ಇದೇ ನಿಜ.

ಆದರೆ ಚೀಟಿಯಲ್ಲಿ "ಪಕ್ಕದ ಮನೆಯ ಗುಂಡಿಯಿಂದ" ಎಂದು ಮಾತ್ರ ಎಂದಿಗೂ ಬರೆಯಬೇಡಿ. ನಿಮ್ಮ ಪರೀಕ್ಷೆ ಹೇಳಿದ್ದು ಕೀಟಾಣು ಇದೆ ಎಂದಷ್ಟೆ, ಯಾವ ಗುಂಡಿಯದು ಎಂದು ಹೇಳಿಲ್ಲ. ಗಡಿ ಕಲ್ಲಿನ ಜಗಳ ಮೊದಲೇ ಇರುವ ಊರಿನಲ್ಲಿ ಆ ಒಂದು ಪದ ಸಾಕು.

ಇನ್ನೊಂದು ತೊಡಕು "ಒಳ್ಳೆ ನೀರು" ಎಂಬ ಮಾತು. ಕಡಲ ಬದಿಯವರಿಗೆ ಒಳ್ಳೆ ನೀರು ಅಂದರೆ ಉಪ್ಪಿಲ್ಲದ ನೀರು, ಸಿಹಿ ನೀರು. ನಿಮ್ಮ ಮೇ ತಿಂಗಳ ಪರೀಕ್ಷೆ ಉಪ್ಪಿನದು, ಜುಲೈಯದು ಕೀಟಾಣುವಿನದು. ಎರಡನ್ನೂ ಸೇರಿಸಿ "ಬಾವಿ ನೀರು ಕುಡಿಯಲು ಯೋಗ್ಯ, ಯೋಗ್ಯವಲ್ಲ" ಎಂದು ಒಂದೇ ಪಟ್ಟಿ ಮಾಡಿದರೆ ಎಡವಟ್ಟು. ಸಿಹಿ ನೀರಿನ ಬಾವಿಯಲ್ಲಿ ಕೀಟಾಣು ಇರಬಹುದು, ಅದಕ್ಕೆ ರುಚಿಯೂ ಇಲ್ಲ ಬಣ್ಣವೂ ಇಲ್ಲ. ಉಪ್ಪು ನೀರಿನ ಬಾವಿಯಲ್ಲಿ ಕೀಟಾಣು ಇಲ್ಲದಿರಬಹುದು. ಕುದಿಸಿದರೆ ಕೀಟಾಣು ಸಾಯುತ್ತದೆ. ಉಪ್ಪು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಪ್ಪು ಒಂಚೂರು ಜಾಸ್ತಿಯೇ ಆಗುತ್ತದೆ. ಹಾಗಾಗಿ ಪುಟದಲ್ಲಿ ಎರಡು ಭಾಗ ಬೇಕು, ಒಂದೊಂದಕ್ಕೆ ಅದರದ್ದೇ ಪರಿಹಾರ.

ಮಿತಿಗಳನ್ನು ಹೇಳುವಾಗಲೂ ಈ ವ್ಯತ್ಯಾಸ ಕಾಣಬೇಕು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದು ಇ-ಕೊಲೈ ಕೂಡ ಸಿಗಬಾರದು. ಅಲ್ಲಿ ರಿಯಾಯಿತಿ ಇಲ್ಲ. ಉಪ್ಪಿನ ವಿಷಯ ಹಾಗಲ್ಲ. ಉಪ್ಪಿನ ಅಂಶವಾದ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ತನಕ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1000 ತನಕ ಆಗಬಹುದು ಎನ್ನುತ್ತದೆ ಅದೇ ಮಾನಕ. ಲ್ಯಾಬಿನವರು 260 ಬಂದರೂ 900 ಬಂದರೂ ಒಂದೇ ಕೆಂಪು ಬಣ್ಣ ಬಳಿದು ಕೊಡುತ್ತಾರೆ. ನೀವು ಆ ಬಣ್ಣವನ್ನು ಹಾಗೇ ಊರಿಗೆ ದಾಟಿಸಬೇಡಿ.

"ಕುದಿಸಿ ಕುಡಿಯಿರಿ" ಎಂಬ ಸಾಲಿನ ಮೇಲೂ ಸ್ವಲ್ಪ ಕೂತುಕೊಳ್ಳಬೇಕು. ನಮ್ಮಲ್ಲಿ ಕೇಳಿದರೆ ಎಲ್ಲರೂ "ನಾವು ಬಿಸಿನೀರೇ ಕುಡಿಯುವುದು" ಎನ್ನುತ್ತಾರೆ. ವಿಚಾರಿಸಿ ನೋಡಿದರೆ ಕೆಲವರು ಆವಿ ಬಂದ ಕೂಡಲೇ ಒಲೆಯಿಂದ ಇಳಿಸುತ್ತಾರೆ. ಇನ್ನು ಕೆಲವರು ಜೀರಿಗೆ ಹಾಕಿ ಚೆನ್ನಾಗಿಯೇ ಕುದಿಸುತ್ತಾರೆ, ಆಮೇಲೆ ಹದಾ ಬಿಸಿ ಆಗಲಿ ಅಂತ ಅದಕ್ಕೆ ಬಾವಿಯ ತಣ್ಣೀರು ಸೇರಿಸುತ್ತಾರೆ! ಅಲ್ಲಿಗೆ ಕುದಿಸಿದ್ದು ದಂಡ. ಹಾಗಾಗಿ "ಗುಳ್ಳೆ ಎದ್ದು ಕೊತಕೊತ ಕುದಿಯಲಿ, ಆಮೇಲೆ ಒಂದು ನಿಮಿಷ ಬಿಡಿ. ತಣ್ಣಗೆ ಮಾಡಲು ಹಸಿ ನೀರು ಸೇರಿಸಬೇಡಿ" ಎಂದು ಬಿಡಿಸಿ ಬರೆಯಿರಿ.

ಬ್ಲೀಚಿಂಗ್ ಪೌಡರ್ ಬಗ್ಗೆಯೂ ಖಂಡಿತ ಕೇಳುತ್ತಾರೆ. ಸಾಮಾನ್ಯ ಲೆಕ್ಕ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್. ಆದರೆ ಬಾವಿಯಲ್ಲಿ ನೀರೆಷ್ಟು? 2 ಮೀಟರ್ ಅಗಲದ ಬಾವಿಯಲ್ಲಿ ಮೇ ತಿಂಗಳಲ್ಲಿ 1.5 ಮೀಟರ್ ನೀರಿದ್ದರೆ ಸುಮಾರು 4,700 ಲೀಟರ್, 12 ಗ್ರಾಂ ಸಾಕು. ಅದೇ ಬಾವಿಯಲ್ಲಿ ಜುಲೈಯಲ್ಲಿ 5 ಮೀಟರ್ ನೀರು ನಿಂತರೆ 15,700 ಲೀಟರ್, 39 ಗ್ರಾಂ ಬೇಕು. ಒಂದೇ ಬಾವಿಗೆ ಮೂರು ಪಟ್ಟು ವ್ಯತ್ಯಾಸ. ಅದಕ್ಕೆ ಪುಟದಲ್ಲಿ ಗ್ರಾಂ ಲೆಕ್ಕ ಹಾಕಬೇಡಿ. ಯಾರು ಬಂದು ಅಳೆದು ಹಾಕಿಕೊಡುತ್ತಾರೆ ಎಂದು ಬರೆಯಿರಿ. ಗುಂಡಿಯ ನೀರು ಬರುತ್ತಲೇ ಇದ್ದರೆ ಒಂದು ಸಲ ಹಾಕಿದ ಬ್ಲೀಚಿಂಗ್ ಹೆಚ್ಚು ದಿನ ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಿ. ಇಲ್ಲದಿದ್ದರೆ ಪೌಡರ್ ಹಾಕಿಸಿ, ಕುದಿಸುವುದನ್ನು ಬಿಟ್ಟುಬಿಡುತ್ತಾರೆ.

ಇನ್ನು ಗುಟ್ಟಿನ ಮಾತು. ವಾರ್ಡಿನ ಪುಟದಲ್ಲಿ "ದೇವಸ್ಥಾನದ ಹಿಂದಿನ ಓಣಿಯ 3 ಬಾವಿಗಳಲ್ಲಿ ಉಪ್ಪು ತುಂಬಾ ಜಾಸ್ತಿ" ಎಂದು ಬರೆದಿರಿ ಅಂದುಕೊಳ್ಳಿ. ಹೆಸರು ಹಾಕಿಲ್ಲ, ನಿಜ. ಆದರೆ ಆ ಓಣಿಯಲ್ಲಿ ಬಾವಿ ಇರುವುದೇ ನಾಲ್ಕು. ಓದಿದವರೆಲ್ಲ ಬೆರಳು ಮಡಚಿ ಎಣಿಸುತ್ತಾರೆ. ಅದರಲ್ಲೊಬ್ಬರು ಮನೆ ಬಾಡಿಗೆಗೆ ಕೊಡುವವರು ಇರಬಹುದು, ಇನ್ನೊಬ್ಬರು ಜಾಗ ಮಾರಲು ಹೊರಟವರು ಇರಬಹುದು. ಐದಕ್ಕಿಂತ ಕಡಿಮೆ ಮನೆಗಳ ಗುಂಪನ್ನು ಬೇರೆ ಮಾಡಿ ತೋರಿಸದಿರುವುದು ನಾನು ಇಟ್ಟುಕೊಂಡ ನಿಯಮ. ಚಿಕ್ಕ ಊರಿನಲ್ಲಿ ಹತ್ತು ಎಂದಿಟ್ಟುಕೊಂಡರೂ ತಪ್ಪಿಲ್ಲ. ಆ ಓಣಿಯನ್ನು "ಹೊಳೆ ಬದಿ" ಎಂಬ ದೊಡ್ಡ ಗುಂಪಿಗೆ ಸೇರಿಸಿ. ಬಣ್ಣದ ಚುಕ್ಕೆ ಹಾಕಿದ ನಕ್ಷೆಯಂತೂ ಗೋಡೆಗೆ ಅಂಟಿಸಲೇಬೇಡಿ. ನೋಡಲು ಚಂದ, ಆದರೆ ಅದು ಮನೆ ಮನೆಯ ವಿಳಾಸ. ಮನೆಯ ಚೀಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಆ ಮನೆಯವರ ಕೈಗೇ ಕೊಡಿ. ಆಶಾ ಕಾರ್ಯಕರ್ತೆಯ ಕೈಗೆ ಒಟ್ಟಿಗೆ ಕೊಟ್ಟು "ಹಂಚಿಬಿಡಿ ಅಕ್ಕ" ಎನ್ನಬೇಡಿ.

ಇಷ್ಟೆಲ್ಲ ಸೇರಿಸಿ ವಾರ್ಡಿನ ಪುಟ ಹೀಗೆ ಬರಬಹುದು:

"ನಮ್ಮ ವಾರ್ಡಿನ ಬಾವಿ ನೀರು: ಪರೀಕ್ಷೆಯಲ್ಲಿ ಕಂಡದ್ದು.
ಈ ವರ್ಷ ಮೇ ಮತ್ತು ಜುಲೈಯಲ್ಲಿ ನೀವು ನಿಮ್ಮ ಬಾವಿಯಿಂದ ನೀರು ತೆಗೆಯಲು ಬಿಟ್ಟಿರಿ. 120 ಬಾವಿಗಳ ನೀರು ನೋಡಿದ್ದೇವೆ. ಬೀಗ ಹಾಕಿದ ಮನೆಗಳ ಬಾವಿ ನೋಡಲಿಲ್ಲ.
ಮಳೆಗಾಲದಲ್ಲಿ ಕೀಟಾಣು: ಜುಲೈಯಲ್ಲಿ 120 ಬಾವಿಗಳಲ್ಲಿ 66ರಲ್ಲಿ ಹೊಟ್ಟೆಯ ಕೀಟಾಣು ಸಿಕ್ಕಿತು. ಗುಂಡಿ ಹತ್ತಿರ ಇರುವ 20 ಬಾವಿಗಳಲ್ಲಿ 15ರಲ್ಲಿ, ದೂರ ಇರುವ 20 ಬಾವಿಗಳಲ್ಲಿ 9ರಲ್ಲಿ ಎಂಬ ಲೆಕ್ಕ. ದೂರ ಇದ್ದರೂ ಕುದಿಸಿಯೇ ಕುಡಿಯಿರಿ. ಗುಳ್ಳೆ ಎದ್ದು ಕುದಿಯಲಿ, ಆಮೇಲೆ ಒಂದು ನಿಮಿಷ ಬಿಡಿ. ಹಸಿ ನೀರು ಸೇರಿಸಬೇಡಿ.
ಬೇಸಿಗೆಯಲ್ಲಿ ಉಪ್ಪು: ಮೇ ತಿಂಗಳಲ್ಲಿ 120 ಬಾವಿಗಳಲ್ಲಿ 24ರಲ್ಲಿ ಉಪ್ಪು ಜಾಸ್ತಿ ಇತ್ತು, ಹೆಚ್ಚಿನವು ಹೊಳೆ ಬದಿಯವು. ಕುದಿಸಿದರೆ ಉಪ್ಪು ಹೋಗುವುದಿಲ್ಲ. ಬೇಸಿಗೆಯಲ್ಲಿ ಕುಡಿಯಲು ಮತ್ತು ಅಡುಗೆಗೆ ನಳ್ಳಿ ನೀರು ಬಳಸಿ.
ನಮಗೆ ಗೊತ್ತಾಗದ್ದು: ಯಾವ ಬಾವಿಗೆ ಯಾವ ಗುಂಡಿಯಿಂದ ನೀರು ಬರುತ್ತದೆ ಎಂದು ಈ ಪರೀಕ್ಷೆಯಿಂದ ಹೇಳಲಾಗುವುದಿಲ್ಲ. ಈ ನೀರಿನಿಂದ ಯಾರಿಗಾದರೂ ಕಾಯಿಲೆ ಬಂತೇ ಎಂದು ನಾವು ನೋಡಿಲ್ಲ.
ನಿಮ್ಮ ಬಾವಿಯ ಫಲಿತಾಂಶ ನಿಮಗೆ ಕೊಟ್ಟ ಲಕೋಟೆಯಲ್ಲಿದೆ."

ಕೆಳಗೆ ಒಬ್ಬರ ಹೆಸರು, ಫೋನ್ ನಂಬರ್, ಯಾವ ಹೊತ್ತಿಗೆ ಸಿಗುತ್ತಾರೆ ಎಂಬುದು. 24 ಎಂಬುದೂ ನಾನು ಹಾಕಿದ ಅಂಕಿಯೇ. ನಳ್ಳಿ ನೀರು ಬರುವುದೇ ಇಲ್ಲದ ಜಾಗವಾದರೆ ಆ ಸಾಲು ಬರೆದು ಊರಿನವರನ್ನು ಗೇಲಿ ಮಾಡಬೇಡಿ. ಅಲ್ಲಿ ಪಂಚಾಯತಿನವರ ಬಳಿ ಮೊದಲೇ ಮಾತಾಡಿ, ಅವರು ಏನು ಮಾಡುತ್ತೇವೆ ಎಂದರೋ ಅದನ್ನು ಬರೆಯಿರಿ.

ಬೀಗದ ಮನೆಗಳ ಸಾಲು ಚಿಕ್ಕದಾದರೂ ಇರಲಿ. ಮುಂಬೈಗೋ ಗಲ್ಫಿಗೋ ಹೋದವರ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಬಳಸದೆ ಬಿಟ್ಟ ಬಾವಿಯ ನೀರು ಬೇರೆ ಥರ ಇರಬಹುದು. ಅವನ್ನು ಬಿಟ್ಟು "ವಾರ್ಡಿನ ಎಲ್ಲ ಬಾವಿಗಳು" ಎನ್ನಲಾಗದು.

ಮನೆಯ ಚೀಟಿ ಇನ್ನೂ ಚಿಕ್ಕದು. ತಾರೀಕು, ಏನು ಸಿಕ್ಕಿತು, ಏನು ಮಾಡಬೇಕು, ಅಷ್ಟೆ. ಕಷ್ಟ ಬರುವುದು ಕೀಟಾಣು ಸಿಗದ 54 ಮನೆಗಳ ಚೀಟಿಯಲ್ಲಿ. "ನಿಮ್ಮ ನೀರು ಸುರಕ್ಷಿತ" ಎಂದು ಬರೆಯುವ ಆಸೆ ಆಗುತ್ತದೆ, ಬರೆಯಬೇಡಿ. ಒಂದು ದಿನ, ಒಂದು ಬಾಟಲಿ ನೀರು ನೋಡಿದ್ದೀರಿ, ಅಷ್ಟೆ. "ಜುಲೈ 14ರಂದು ತೆಗೆದ ನೀರಿನಲ್ಲಿ ಕೀಟಾಣು ಸಿಗಲಿಲ್ಲ. ಜೋರು ಮಳೆ ಬಂದ ಮೇಲೆ ಇದು ಬದಲಾಗಬಹುದು. ಮಳೆಗಾಲದಲ್ಲಿ ಕುದಿಸಿ ಕುಡಿಯಿರಿ" ಎಂದು ಬರೆಯಿರಿ. ಅಜ್ಜಿಯ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಇಷ್ಟೇ ಉದ್ದ.

ಪುಟ ಬರೆದಾದ ಮೇಲೆ ಅಚ್ಚಿಗೆ ಕೊಡುವ ಮೊದಲು ಐದಾರು ಜನರ ಎದುರು ಓದಿ ನೋಡಿ. ಸಮೀಕ್ಷೆಯಲ್ಲಿ ಇಲ್ಲದ ಪಕ್ಕದ ವಾರ್ಡಿನವರಾದರೆ ಒಳ್ಳೆಯದು. ಬೀಡಿ ಕಟ್ಟುವ ಹೆಂಗಸರು ಮಧ್ಯಾಹ್ನ ಒಟ್ಟಿಗೆ ಕೂರುವ ಜಗಲಿ ನನಗೆ ಯಾವಾಗಲೂ ಇಷ್ಟ. ಕೈ ಕೆಲಸ ಮಾಡುತ್ತಿರುತ್ತದೆ, ಕಿವಿ ಖಾಲಿ ಇರುತ್ತದೆ, ಮುಲಾಜಿಲ್ಲದೆ ಹೇಳುತ್ತಾರೆ. "ಅರ್ಥ ಆಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಈ ಪುಟ ನಿಮ್ಮ ಮನೆಗೆ ಬಂದರೆ ನಾಳೆ ಬೆಳಿಗ್ಗೆ ಏನು ಮಾಡ್ತೀರಿ?" ಎಂದು ಕೇಳಿ. "ನಿಮ್ಮ ಗುಂಡಿ ದೂರ ಉಂಟು ಅಂತ ಇಟ್ಟುಕೊಳ್ಳಿ, ಆಗ?" ಎಂದೂ ಕೇಳಿ. ಆರರಲ್ಲಿ ಇಬ್ಬರು "ಹಾಗಾದರೆ ಕುದಿಸುವುದು ಬೇಡ" ಎಂದರೆ ತಪ್ಪು ಅವರದಲ್ಲ, ನಿಮ್ಮ ವಾಕ್ಯದ್ದು. ತಿದ್ದಿ, ಬೇರೆ ನಾಲ್ವರ ಎದುರು ಮತ್ತೆ ಓದಿ.

ಓದುವಾಗ ಭಾಷೆ ಯಾವುದು? ಕಾಗದ ಕನ್ನಡದಲ್ಲೇ ಇರಲಿ, ನಮ್ಮ ಜನ ಶಾಲೆಯಲ್ಲಿ ಓದಲು ಕಲಿತದ್ದು ಕನ್ನಡ. ಬಾಯಿಮಾತು ಮಾತ್ರ ಮನೆಯ ಭಾಷೆಯಲ್ಲಿ ಆಗಲಿ, ತುಳುವೋ ಕೊಂಕಣಿಯೋ ಬ್ಯಾರಿಯೋ. ಆದರೆ ವಿದ್ಯಾರ್ಥಿಗಳು ಸ್ಥಳದಲ್ಲೇ ತುಳುವಿಗೆ ತಿರುಗಿಸಿಕೊಂಡು ಹೇಳುವುದು ಬೇಡ. ಒಬ್ಬರು "ಗುವೆಲ್‌ದ ನೀರ್ ಹಾಳಾತ್ಂಡ್" ಎಂದು, ಅಂದರೆ ಬಾವಿ ನೀರು ಹಾಳಾಗಿದೆ ಎಂದುಬಿಟ್ಟರೆ ಮುಗಿಯಿತು, ಕುದಿಸುವ ಮಾತು ಯಾರಿಗೂ ಕೇಳಿಸುವುದಿಲ್ಲ. ಹೇಳಬೇಕಾದ ನಾಲ್ಕು ವಾಕ್ಯಗಳನ್ನು ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಮೊದಲೇ ಬರೆದುಕೊಂಡು ಹೋಗಲಿ. ಮೀನು ಮಾರಲು ಹೋಗುವವರು ಬೆಳಿಗ್ಗೆ ಮನೆಯಲ್ಲಿರುವುದಿಲ್ಲ ಎಂಬುದೂ ನೆನಪಿರಲಿ.

ನಿಮ್ಮ ಕಾಲೇಜಿನ ನೀತಿ ಸಮಿತಿಗೆ ಪುಟ ಮತ್ತು ಚೀಟಿ ಎರಡನ್ನೂ ಒಮ್ಮೆ ತೋರಿಸಿಬಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯೂ ಫಲಿತಾಂಶವನ್ನು ಸಮುದಾಯಕ್ಕೆ ತಿಳಿಸಬೇಕೆನ್ನುತ್ತದೆ, ಹಾಗಾಗಿ ತಕರಾರು ಬರಲಾರದು.

ಆ ಫೋನ್ ನಂಬರ್ ಬಗ್ಗೆ ಒಂದು ಮಾತು. ಕೊನೆಯ ವರ್ಷದ ವಿದ್ಯಾರ್ಥಿಯ ನಂಬರ್ ಹಾಕಬೇಡಿ. ಆ ಹುಡುಗ ಏಪ್ರಿಲಿನಲ್ಲಿ ಪರೀಕ್ಷೆ ಬರೆದು ಬೆಂಗಳೂರಿಗೆ ಹೋಗಿರುತ್ತಾನೆ, ಜನ ಫೋನ್ ಮಾಡುವುದು ಜೂನಿನಲ್ಲಿ ಮಳೆ ಹಿಡಿದ ಮೇಲೆ. ನಿಮ್ಮ ವಿಭಾಗದ್ದೇ ನಂಬರ್ ಹಾಕಿ, ಬರುವ ಮಳೆಗಾಲ ಮುಗಿಯುವ ತನಕ ಯಾರಾದರೊಬ್ಬರು ಅದನ್ನು ಎತ್ತಲಿ.